ಐದೇ ಸ್ಲೈಡಿನಲ್ಲಿ ಒಂದು ಬಿಸಿನೆಸ್ ಸಮಸ್ಯೆ: ಇಂಟರ್‌ವ್ಯೂ ಕೇಸ್ ಪ್ರೆಸೆಂಟೇಶನ್ ತಯಾರಿ

ಮೊದಲ ಸುತ್ತು ದಾಟಿದ ಮೇಲೆ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬರುತ್ತದೆ. ಅದರಲ್ಲಿ ಎರಡು ಪುಟದ ಕೇಸ್, ಒಂದು ಎಕ್ಸೆಲ್ ಫೈಲ್, ಕೊನೆಗೆ ಒಂದು ಸಾಲು: "ಗರಿಷ್ಠ ಐದು ಸ್ಲೈಡ್. ಹತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ." ಬಿಸಿನೆಸ್ ಅನಾಲಿಸ್ಟ್, ಪ್ರಾಡಕ್ಟ್ ಮ್ಯಾನೇಜರ್, ಸ್ಟ್ರಾಟಜಿ, ಕನ್ಸಲ್ಟಿಂಗ್ ಕೆಲಸಗಳಿಗೆ ಇದು ಈಗ ಮಾಮೂಲು.

ಹೆಚ್ಚಿನವರು ಆ ಕೊನೆಯ ಸಾಲನ್ನು ವಿನ್ಯಾಸದ ನಿಯಮ ಅಂದುಕೊಳ್ಳುತ್ತಾರೆ. ಹದಿನೈದು ಸ್ಲೈಡ್ ಮಾಡಿ, ಅಕ್ಷರ ಚಿಕ್ಕದು ಮಾಡಿ, ಐದರೊಳಗೆ ತುರುಕುತ್ತಾರೆ. ಅಸಲಿಗೆ ಪರೀಕ್ಷೆ ಇರುವುದು ಬೇರೆ ಕಡೆ. ನಿಮ್ಮ ಕೈಯಲ್ಲಿ ಇಪ್ಪತ್ತು ವಿಷಯ ಇದ್ದಾಗ ಯಾವ ಹದಿನೈದನ್ನು ಬಿಡುತ್ತೀರಿ ಎಂದು ನೋಡುವುದಕ್ಕೇ ಈ ಮಿತಿ. ಇಲ್ಲಿ ಒಂದು ಕಾಲ್ಪನಿಕ ಕೇಸ್ ಇಟ್ಟುಕೊಂಡು ಅದನ್ನೇ ಕೊನೆಯವರೆಗೂ ಮಾಡಿ ತೋರಿಸುತ್ತೇನೆ.

ಮೊದಲು ಒಂದು ಮೇಲ್ ಹಾಕಿ

ಕೆಲಸ ಶುರು ಮಾಡುವ ಮುಂಚೆ ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಟೈಟಲ್ ಸ್ಲೈಡ್ ಐದರ ಲೆಕ್ಕಕ್ಕೆ ಬರುತ್ತದಾ? ಅಪೆಂಡಿಕ್ಸ್ ಇಡಬಹುದಾ? ಫೈಲನ್ನು ಮುಂಚೆಯೇ ಕಳಿಸಬೇಕಾ, ಅಥವಾ ಅಲ್ಲೇ ತೆರೆದು ತೋರಿಸುವುದಾ? ಈ ಕೊನೆಯದು ಮುಖ್ಯ. ಮುಂಚೆ ಕಳಿಸುವುದಾದರೆ ನೀವು ಪಕ್ಕದಲ್ಲಿ ಇಲ್ಲದೆಯೂ ಸ್ಲೈಡ್ ಅರ್ಥ ಆಗಬೇಕು. ಅಲ್ಲೇ ತೋರಿಸುವುದಾದರೆ ಅರ್ಧ ಮಾತು ಬಾಯಲ್ಲಿ ಇರಬಹುದು.

ಉತ್ತರ ಬರದಿದ್ದರೆ ಕಟ್ಟುನಿಟ್ಟಾಗಿಯೇ ಓದಿಕೊಳ್ಳಿ: ಟೈಟಲ್ ಸೇರಿ ಐದು, ಅಪೆಂಡಿಕ್ಸ್ ಇಲ್ಲ. ಹಾಗಾದರೆ ಟೈಟಲ್ ಸ್ಲೈಡನ್ನೇ ಬಿಟ್ಟುಬಿಡಿ. ನಿಮ್ಮ ಹೆಸರನ್ನು ಮೊದಲ ಸ್ಲೈಡಿನ ಮೂಲೆಯಲ್ಲಿ ಹಾಕಿದರೆ ಸಾಕು. "ಧನ್ಯವಾದ" ಸ್ಲೈಡು, "ಇವತ್ತಿನ ವಿಷಯಗಳು" ಎನ್ನುವ ಪಟ್ಟಿ, ಕಂಪನಿಯ ಪರಿಚಯ ಇವೂ ಬೇಡ. ಅವರ ಕಂಪನಿ ಬಗ್ಗೆ ಅವರಿಗೇ ಹೇಳಿ ಏನು ಪ್ರಯೋಜನ?

ನಮ್ಮ ಕೇಸ್

ಬೆಂಗಳೂರಿನಲ್ಲಿ ಮನೆಗೆ ದಿನಸಿ ತಲುಪಿಸುವ ಒಂದು ಕಂಪನಿ ಅಂದುಕೊಳ್ಳಿ. ಆರು ತಿಂಗಳಲ್ಲಿ ಆರ್ಡರ್ 20% ಏರಿದೆ, ಆದರೆ ಕೈಯಲ್ಲಿ ಉಳಿಯುವ ಹಣ ಕಡಿಮೆಯಾಗಿದೆ. ಮಾರ್ಚ್‌ನಲ್ಲಿ ಒಂದು ಬದಲಾವಣೆ ಆಗಿತ್ತು. ಅದಕ್ಕೂ ಮುಂಚೆ 399 ರೂಪಾಯಿಗಿಂತ ಕಡಿಮೆ ಆರ್ಡರ್‌ಗೆ 20 ರೂಪಾಯಿ ಡೆಲಿವರಿ ಶುಲ್ಕ ಇತ್ತು. ಮಾರ್ಚ್‌ನಿಂದ ಎಲ್ಲರಿಗೂ ಉಚಿತ. ಪ್ರಶ್ನೆ: ಯಾಕೆ ಹೀಗಾಯಿತು, ಏನು ಮಾಡಬೇಕು?

ಎಕ್ಸೆಲ್ ಫೈಲಿನಲ್ಲಿ ಏರಿಯಾವಾರು ಆರ್ಡರ್, ಆ್ಯಪ್ ರೇಟಿಂಗ್, ದೂರುಗಳು, ಜಾಹೀರಾತು ಖರ್ಚು ಎಲ್ಲ ಇದೆ. ನಮಗೆ ಬೇಕಾಗುವುದು ಇಷ್ಟೇ:

| | ಜನವರಿ | ಜೂನ್ |
|---|---|---|
| ಒಟ್ಟು ಆರ್ಡರ್ | 1,00,000 | 1,20,000 |
| ಸರಾಸರಿ ಬಿಲ್ (ರೂ.) | 500 | 420 |
| ಆರ್ಡರ್ ಮಾಡಿದ ಗ್ರಾಹಕರು | 40,000 | 42,000 |
| ಸಣ್ಣ ಆರ್ಡರ್ (399ರ ಒಳಗೆ) | 20,000 | 50,000 |
| ಸಣ್ಣದರ ಸರಾಸರಿ ಬಿಲ್ | 220 | 224 |
| ದೊಡ್ಡ ಆರ್ಡರ್ | 80,000 | 70,000 |
| ದೊಡ್ಡದರ ಸರಾಸರಿ ಬಿಲ್ | 570 | 560 |

ಮಾರ್ಜಿನ್ ಬಿಲ್ಲಿನ 20%. ಪ್ರತಿ ಆರ್ಡರ್‌ಗೆ ಡೆಲಿವರಿ ಖರ್ಚು 60, ಪ್ಯಾಕಿಂಗ್ ಮತ್ತು ಪೇಮೆಂಟ್ ಖರ್ಚು 15. ಈ ಮೂರೂ ಆರು ತಿಂಗಳಲ್ಲಿ ಬದಲಾಗಿಲ್ಲ.

ಪವರ್‌ಪಾಯಿಂಟ್ ಮುಟ್ಟಬೇಡಿ, ಮೊದಲು ಉತ್ತರ ಹುಡುಕಿ

ಸಿಕ್ಕ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಎಕ್ಸೆಲ್‌ನಲ್ಲೇ ಕಳೆಯಬೇಕು. ಒಂದು ಆರ್ಡರ್‌ನಿಂದ ಎಷ್ಟು ಉಳಿಯುತ್ತದೆ ಎಂಬಲ್ಲಿಂದ ಶುರು ಮಾಡೋಣ.

ಜೂನ್‌ನ ದೊಡ್ಡ ಆರ್ಡರ್: 560ರ 20% ಅಂದರೆ 112. ಅದರಲ್ಲಿ 75 ಖರ್ಚು ಕಳೆದರೆ 37 ರೂಪಾಯಿ ಉಳಿಯುತ್ತದೆ. ಸಣ್ಣ ಆರ್ಡರ್: 224ರ 20% ಅಂದರೆ 44.80. ಅದೇ 75 ಕಳೆದರೆ 30.20 ನಷ್ಟ. ಸಣ್ಣ ಆರ್ಡರ್ ಒಂದೊಂದು ಬಂದಾಗಲೂ ಕಂಪನಿ ಜೇಬಿನಿಂದ ಮೂವತ್ತು ರೂಪಾಯಿ ಕೊಡುತ್ತಿದೆ.

ಈಗ ತಿಂಗಳ ಲೆಕ್ಕ. ಜನವರಿಯಲ್ಲಿ ದೊಡ್ಡ ಆರ್ಡರ್‌ಗಳಿಂದ 31.2 ಲಕ್ಷ ಬಂದಿತ್ತು. ಆಗ ಶುಲ್ಕ ಇದ್ದುದರಿಂದ ಸಣ್ಣದರಲ್ಲಿ ಹೋಗಿದ್ದು 2.2 ಲಕ್ಷ ಮಾತ್ರ. ಉಳಿದಿದ್ದು 29 ಲಕ್ಷ. ಜೂನ್‌ನಲ್ಲಿ ದೊಡ್ಡದರಿಂದ 25.9 ಲಕ್ಷ ಬಂತು, ಸಣ್ಣದರಲ್ಲಿ 15.1 ಲಕ್ಷ ಹೋಯಿತು. ಉಳಿದಿದ್ದು 10.8 ಲಕ್ಷ. ಒಟ್ಟು ಕುಸಿತ 18.2 ಲಕ್ಷ. ಅದರಲ್ಲಿ 12.9 ಲಕ್ಷ ಸಣ್ಣ ಆರ್ಡರ್‌ಗಳದ್ದು, 5.3 ಲಕ್ಷ ದೊಡ್ಡ ಆರ್ಡರ್‌ಗಳ ಸಂಖ್ಯೆಯೂ ಸರಾಸರಿ ಬಿಲ್ಲೂ ಕಡಿಮೆ ಆಗಿದ್ದರದ್ದು.

ಹೆಚ್ಚಿನ ಅಭ್ಯರ್ಥಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ಇನ್ನೊಂದು ಹೆಜ್ಜೆ ಇದೆ. ದೊಡ್ಡ ಆರ್ಡರ್ ಯಾಕೆ ಕಡಿಮೆ ಆಯಿತು? ಗ್ರಾಹಕರ ಸಾಲನ್ನು ನೋಡಿ. ಜನವರಿಯಲ್ಲಿ 5 ಕೋಟಿ ವ್ಯಾಪಾರ, 40,000 ಗ್ರಾಹಕರು, ತಲೆಗೆ 1,250 ರೂಪಾಯಿ. ಜೂನ್‌ನಲ್ಲಿ 5.04 ಕೋಟಿ, 42,000 ಗ್ರಾಹಕರು, ತಲೆಗೆ 1,200. ಆದರೆ ಒಬ್ಬೊಬ್ಬರ ಆರ್ಡರ್ 2.5ರಿಂದ ಸುಮಾರು 2.9ಕ್ಕೆ ಏರಿದೆ. ಅಂದರೆ ಜನ ಜಾಸ್ತಿ ಕೊಳ್ಳುತ್ತಿಲ್ಲ, ಜಾಸ್ತಿ ಸಲ ಕೊಳ್ಳುತ್ತಿದ್ದಾರೆ. ಮುಂಚೆ ಒಟ್ಟಿಗೆ ತರಿಸುತ್ತಿದ್ದವರು ಈಗ ಇವತ್ತು ಹಾಲು, ನಾಳೆ ಸೊಪ್ಪು ಅಂತ ಬಿಡಿಬಿಡಿಯಾಗಿ ತರಿಸುತ್ತಿದ್ದಾರೆ. ಡೆಲಿವರಿ ಉಚಿತ ಇರುವಾಗ ಯಾಕೆ ತರಿಸಬಾರದು ಅಲ್ವಾ? 20% ಬೆಳವಣಿಗೆ ಅಂತ ಕಂಡಿದ್ದರಲ್ಲಿ ಬಹುಪಾಲು ಹಳೆಯ ವ್ಯಾಪಾರವೇ ಚಿಕ್ಕ ತುಂಡುಗಳಾಗಿದ್ದು.

ಈ ಒಂದು ವಾಕ್ಯ ಸಿಕ್ಕ ಮೇಲೆ ಏರಿಯಾವಾರು ಪಟ್ಟಿ, ರೇಟಿಂಗ್, ಜಾಹೀರಾತು ಖರ್ಚು ಯಾವುದೂ ಸ್ಲೈಡಿಗೆ ಬೇಕಾಗಿಲ್ಲ. ಅವನ್ನೂ ನೋಡಿ, ಕಥೆ ಬದಲಾಗುವುದಿಲ್ಲ ಎಂದು ಖಚಿತ ಮಾಡಿಕೊಂಡು ಬಿಟ್ಟುಬಿಡಿ. "ಅದನ್ನು ನೋಡಿದಿರಾ?" ಎಂದು ಕೇಳಿದರೆ "ನೋಡಿದೆ, ಎಲ್ಲ ಏರಿಯಾದಲ್ಲೂ ಇದೇ ಚಿತ್ರ" ಎಂದು ಹೇಳುವ ಹಾಗಿರಬೇಕು.

ಐದು ವಾಕ್ಯ ಬರೆಯಿರಿ

ಈಗಲೂ ಪವರ್‌ಪಾಯಿಂಟ್ ಬೇಡ. ಒಂದು ಹಾಳೆಯಲ್ಲಿ ಐದು ಪೂರ್ತಿ ವಾಕ್ಯ ಬರೆಯಿರಿ. ಇವೇ ಸ್ಲೈಡುಗಳ ತಲೆಬರಹ. ನಿಜವಾದ ಸ್ಲೈಡ್ ಇಂಗ್ಲಿಷಿನಲ್ಲೇ ಇರುತ್ತದೆ ಬಿಡಿ, ಆದರೆ ವಾಕ್ಯದ ಹುರುಳು ಮುಖ್ಯ. ನಮ್ಮ ಕೇಸಿಗೆ:

1. 399ರ ಒಳಗಿನ ಆರ್ಡರ್‌ಗೆ 30 ರೂಪಾಯಿ ಶುಲ್ಕ ಹಾಕಿದರೆ ತಿಂಗಳಿಗೆ ಸುಮಾರು 15 ಲಕ್ಷ ವಾಪಸ್ ಬರುತ್ತದೆ.
2. ತಿಂಗಳ ಉಳಿಕೆಯಲ್ಲಿ ಕಡಿಮೆಯಾದ 18.2 ಲಕ್ಷದಲ್ಲಿ 12.9 ಲಕ್ಷ ಸಣ್ಣ ಆರ್ಡರ್‌ಗಳಲ್ಲಿ ಹೋಗಿದೆ.
3. ಮಾರ್ಚ್‌ನ ಉಚಿತ ಡೆಲಿವರಿಯ ನಂತರ ಗ್ರಾಹಕರು ಅದೇ ಸಾಮಾನನ್ನು ಹೆಚ್ಚು ಸಲ ತರಿಸುತ್ತಿದ್ದಾರೆ.
4. 30 ರೂಪಾಯಿ ಶುಲ್ಕದಲ್ಲಿ ಸಣ್ಣ ಆರ್ಡರ್ ಇದ್ದರೂ ಹೋದರೂ ಉಳಿಕೆ ಸುಮಾರು 26 ಲಕ್ಷ.
5. ದೊಡ್ಡ ಆರ್ಡರ್ ಕೊಡುವವರೇ ಹೋದರೆ ಕಷ್ಟ. ಅದಕ್ಕೆ ಮೊದಲು ಒಂದು ಏರಿಯಾದಲ್ಲಿ ನಾಲ್ಕು ವಾರ ಪರೀಕ್ಷೆ.

ಇದನ್ನು ಮನೆಯಲ್ಲಿ ಬಿಸಿನೆಸ್ ಗೊತ್ತಿಲ್ಲದ ಯಾರಿಗಾದರೂ ಓದಿ ಹೇಳಿ. ಐದು ವಾಕ್ಯದಲ್ಲೇ ಕಥೆ ಅರ್ಥ ಆಗಬೇಕು. "ಮಾರಾಟದ ವಿಶ್ಲೇಷಣೆ", "ಮುಖ್ಯ ಅಂಶಗಳು", "ಶಿಫಾರಸು" ಎಂದು ಬರೆದರೆ ಅದು ಡಬ್ಬದ ಮೇಲಿನ ಚೀಟಿ ಮಾತ್ರ. ಒಳಗೆ ಏನಿದೆ ಎಂದು ಪ್ಯಾನಲ್‌ನವರೇ ಮುಚ್ಚಳ ತೆಗೆದು ಹುಡುಕಬೇಕು. ಸ್ಲೈಡ್ ಕಡಿಮೆ ಇದ್ದಷ್ಟೂ ತಲೆಬರಹ ಹೆಚ್ಚು ಕೆಲಸ ಮಾಡಬೇಕು.

ಉತ್ತರ ಮೊದಲ ಸ್ಲೈಡಿನಲ್ಲೇ ಬಂತು ನೋಡಿ. ಕೊನೆಗೆ ಹೇಳಿದರೆ ಕುತೂಹಲ ಇರುತ್ತದೆ ಎಂದು ಕೆಲವರು ವಾದಿಸುತ್ತಾರೆ. ಇಂಟರ್‌ವ್ಯೂನಲ್ಲಿ ಅದು ನಡೆಯುವುದಿಲ್ಲ. ಎರಡನೇ ನಿಮಿಷಕ್ಕೇ ಯಾರೋ ನಡುವೆ ಪ್ರಶ್ನೆ ಕೇಳುತ್ತಾರೆ, ಚರ್ಚೆ ಎಲ್ಲೋ ಹೋಗುತ್ತದೆ, ಐದನೇ ಸ್ಲೈಡ್ ತೆರೆಯುವುದೇ ಇಲ್ಲ. ಉತ್ತರ ಮೊದಲೇ ಹೇಳಿದ್ದರೆ ನಷ್ಟ ಇಲ್ಲ.

ಯಾವ ಸ್ಲೈಡಿನಲ್ಲಿ ಏನು

ಮೊದಲ ಸ್ಲೈಡಿಗೆ ಚಾರ್ಟ್ ಬೇಡ. ತಲೆಬರಹದ ಕೆಳಗೆ ಮೂರೇ ಸಾಲು: ಏನಾಗಿದೆ, ಯಾಕೆ, ಏನು ಮಾಡಬೇಕು. ಇದನ್ನು ಕೊನೆಗೆ ಬರೆಯಿರಿ.

ಎರಡನೆಯದಕ್ಕೆ ವಾಟರ್‌ಫಾಲ್ ಚಾರ್ಟ್ ಸರಿಹೊಂದುತ್ತದೆ. ಎಡಗಡೆ ಜನವರಿಯ 29, ನಡುವೆ ಕೆಳಗಿಳಿಯುವ ಎರಡು ಕಂಬ 5.3 ಮತ್ತು 12.9, ಬಲಗಡೆ ಜೂನ್‌ನ 10.8. ನಾಲ್ಕೇ ಕಂಬ. 12.9ಕ್ಕೆ ಮಾತ್ರ ಬಣ್ಣ, ಉಳಿದದ್ದು ಬೂದು. ಪಕ್ಕದಲ್ಲಿ ಒಂದು ಸಣ್ಣ ಟಿಪ್ಪಣಿ: ಡೆಲಿವರಿ ಖರ್ಚು 60ರಲ್ಲೇ ಇದೆ. ಪೆಟ್ರೋಲು, ರೈಡರ್‌ಗಳ ಸಂಬಳ ಕಾರಣ ಇರಬಹುದು ಎಂದು ಎಲ್ಲರಿಗೂ ಮೊದಲು ಅನ್ನಿಸುತ್ತದೆ, ಅದನ್ನು ಅಲ್ಲೇ ತಳ್ಳಿಹಾಕಿದ ಹಾಗಾಯಿತು.

ಮೂರನೆಯದರಲ್ಲಿ ನಿಮ್ಮ ಅಸಲಿ ಯೋಚನೆ ಇದೆ. ತಲೆಗೆ ಖರ್ಚು 1,250ರಿಂದ 1,200. ತಲೆಗೆ ಆರ್ಡರ್ 2.5ರಿಂದ 2.9. ಈ ಎರಡು ಜೋಡಿ ಅಂಕಿ ದೊಡ್ಡದಾಗಿ ಇರಲಿ. ಕೆಳಗೆ ಸಣ್ಣ ಆರ್ಡರ್‌ಗಳ ಪಾಲು ತಿಂಗಳಿಂದ ತಿಂಗಳಿಗೆ ಹೇಗೆ ಏರಿತು ಎಂಬ ಒಂದು ಗೆರೆ: ಜನವರಿಯಲ್ಲಿ 20%, ಜೂನ್‌ನಲ್ಲಿ 42%, ಮಾರ್ಚ್ ಬಳಿ ಒಂದು ಗುರುತು. ಏರಿಕೆ ಫೆಬ್ರವರಿಯಲ್ಲೇ ಶುರುವಾಗಿದ್ದರೆ ನಿಮ್ಮ ವಾದ ಸಡಿಲ, ಅದನ್ನು ಮುಚ್ಚಿಡಬೇಡಿ. ಗ್ರಾಹಕರು ಆರ್ಡರ್ ಒಡೆಯುತ್ತಿದ್ದಾರೆ ಎನ್ನುವುದು ಸರಾಸರಿಯಿಂದ ತೆಗೆದ ಊಹೆ. ಖಚಿತ ಆಗಬೇಕಾದರೆ ಅದೇ ಗ್ರಾಹಕರ ಜನವರಿ ಮತ್ತು ಜೂನ್ ಆರ್ಡರ್‌ಗಳನ್ನು ಹೋಲಿಸಬೇಕು. ಅದನ್ನೂ ಒಂದು ಸಾಲಿನಲ್ಲಿ ಸ್ಲೈಡಿನಲ್ಲೇ ಬರೆಯಿರಿ. ಪ್ಯಾನಲ್‌ನಲ್ಲಿ ಕೂತವರು ಇಂಥ ಸಾಲನ್ನು ಗಮನಿಸುತ್ತಾರೆ.

ನಾಲ್ಕನೇ ಸ್ಲೈಡಿಗೆ ಬರೋಣ. ಶುಲ್ಕ 30 ಯಾಕೆ? ಸಣ್ಣ ಆರ್ಡರ್ ಒಂದರ ನಷ್ಟ 30.20. ತೆರಿಗೆ ಬಿಟ್ಟು 30 ಕೈಗೆ ಬಂದರೆ ನಷ್ಟ ಹತ್ತಿರಹತ್ತಿರ ಸೊನ್ನೆ. ಗಡಿ 399 ಯಾಕೆ? 75 ಖರ್ಚನ್ನು 20% ಮಾರ್ಜಿನ್‌ನಿಂದ ಭಾಗಿಸಿದರೆ 375. ಅಷ್ಟು ಬಿಲ್ ಆದರೆ ಮಾತ್ರ ಆರ್ಡರ್ ತನ್ನ ಖರ್ಚು ತಾನೇ ಹೊರುತ್ತದೆ. ಹಳೆಯ 399 ಅದಕ್ಕಿಂತ ಸ್ವಲ್ಪ ಮೇಲಿದೆ, ಗ್ರಾಹಕರಿಗೂ ಅಭ್ಯಾಸ ಇದೆ.

ಇದರಲ್ಲಿ ಒಂದು ಅನುಕೂಲ ಇದೆ. ಶುಲ್ಕ ಹಾಕಿದರೆ ಎಷ್ಟು ಜನ ಬಿಟ್ಟು ಹೋಗುತ್ತಾರೆ ಎಂದು ಯಾರಿಗೂ ಗೊತ್ತಿಲ್ಲ. ಬಹಳ ಜನ ಇಲ್ಲಿ "30% ಹೋಗುತ್ತಾರೆ ಎಂದುಕೊಳ್ಳೋಣ" ಎಂದು ಒಂದು ಅಂಕಿ ಹುಟ್ಟಿಸುತ್ತಾರೆ, ಪ್ಯಾನಲ್ ಅದನ್ನೇ ಹಿಡಿದು ಜಗ್ಗುತ್ತದೆ. ನಮಗೆ ಆ ಊಹೆ ಬೇಕಾಗಿಲ್ಲ. ಎಲ್ಲ 50,000 ಸಣ್ಣ ಆರ್ಡರ್ ಇದ್ದರೆ ಉಳಿಯುವುದು 25.8 ಲಕ್ಷ. ಒಂದೂ ಉಳಿಯದಿದ್ದರೆ 25.9 ಲಕ್ಷ. ಎರಡೂ ಕಂಬ ಪಕ್ಕಪಕ್ಕ ಹಾಕಿ, ಎಡಗಡೆ ಇವತ್ತಿನ 10.8 ಇಡಿ. ಊಹೆ ಮಾಡಬೇಕಾದ ಅಂಕಿಯನ್ನು ಹೀಗೆ ಎರಡು ತುದಿಯಲ್ಲಿ ಹಾಕಿ ನೋಡುವುದು ಯಾವ ಕೇಸಿನಲ್ಲೂ ಮಾಡಬಹುದಾದ ಕೆಲಸ. ತುದಿಗಳ ನಡುವೆ ಉತ್ತರ ಬದಲಾಗುವುದಿಲ್ಲ ಎಂದಾದರೆ ಆ ಊಹೆಗೆ ಸ್ಲೈಡಿನಲ್ಲಿ ಜಾಗ ಕೊಡಬೇಡಿ.

ಐದನೆಯದು ಅಪಾಯ ಮತ್ತು ಮುಂದಿನ ಹೆಜ್ಜೆ. ಅಪಾಯಗಳ ಪಟ್ಟಿ ಬೇಡ, ಅಸಲಿ ಅಪಾಯ ಒಂದೇ: ಸಣ್ಣ ಆರ್ಡರ್ ಮಾಡುವವನೇ ದೊಡ್ಡ ಆರ್ಡರನ್ನೂ ಮಾಡುತ್ತಾನೆ. ಸಿಟ್ಟು ಬಂದು ಅವನು ಆ್ಯಪ್ ತೆಗೆದುಹಾಕಿದರೆ 37 ರೂಪಾಯಿಯದ್ದೂ ಹೋಯಿತು. ಎಷ್ಟು ಹೋದರೆ ಇವತ್ತಿನ ಸ್ಥಿತಿಗೆ ಇಳಿಯುತ್ತೇವೆ? ಸಣ್ಣದು ಪೂರ್ತಿ ಹೋಗಿ, ಜೊತೆಗೆ 70,000 ದೊಡ್ಡದರಲ್ಲಿ ಸುಮಾರು 40,000 ಹೋದರೂ ಇವತ್ತಿನಷ್ಟೇ ಉಳಿಯುತ್ತದೆ. ಅಂತರ ದೊಡ್ಡದಿದೆ. ಆದರೂ ಪರೀಕ್ಷೆ ಬೇಕು: ಜಯನಗರದಲ್ಲಿ ಶುಲ್ಕ ಹಾಕಿ, ರಾಜಾಜಿನಗರದಲ್ಲಿ ಹಾಕದೆ ನಾಲ್ಕು ವಾರ ನೋಡುವುದು. ನೋಡಬೇಕಾದ ಅಂಕಿ ದೊಡ್ಡ ಆರ್ಡರ್‌ಗಳ ಸಂಖ್ಯೆ. ಜಯನಗರದಲ್ಲಿ ಅದು ಇನ್ನೊಂದು ಕಡೆಗಿಂತ 10% ಹೆಚ್ಚು ಕುಸಿದರೆ ನಿಲ್ಲಿಸಿ ಯೋಚಿಸುವುದು. ಆ 10% ನನ್ನ ಅಂದಾಜು. ನೀವು 8 ಇಡಬಹುದು, 15 ಇಡಬಹುದು, ಆದರೆ ಒಂದು ಅಂಕಿ ಇರಲೇಬೇಕು.

ತುರುಕಿದ್ದೀರಾ ಎಂದು ತಿಳಿಯುವುದು ಹೇಗೆ

ಈಗ ಪವರ್‌ಪಾಯಿಂಟ್ ತೆರೆಯಿರಿ. ತಲೆಬರಹ ಎರಡು ಸಾಲು ಮೀರಬಾರದು. ಒಳಗಿನ ಅಕ್ಷರ 16 ಪಾಯಿಂಟ್‌ಗಿಂತ ಕೆಳಗೆ ಹೋದರೆ ಅಲ್ಲಿ ಎರಡು ಸ್ಲೈಡಿನ ವಿಷಯ ಇದೆ ಎಂದರ್ಥ. ತಲೆಬರಹದಲ್ಲಿ "ಮತ್ತು" ಬಂದರೂ ಅದೇ ಅನುಮಾನ. ಆಗ ಅಕ್ಷರ ಚಿಕ್ಕದು ಮಾಡಬೇಡಿ, ಒಂದು ವಿಷಯ ತೆಗೆಯಿರಿ. ತೆಗೆಯಬೇಕಾದದ್ದು ಯಾವುದು ಎಂದು ತಿಳಿಯಲು ಸ್ಲೈಡಿನ ಒಂದೊಂದು ತುಣುಕನ್ನೂ ಬೆರಳಿಂದ ಮುಚ್ಚಿ ತಲೆಬರಹ ಓದಿ. ಅದು ಇಲ್ಲದೆಯೂ ತಲೆಬರಹ ನಿಲ್ಲುತ್ತದೆ ಎಂದಾದರೆ ಅದು ಬೇಡ.

ಅನಿಮೇಶನ್ ಹಾಕಿ ಒಂದೇ ಸ್ಲೈಡಿನಲ್ಲಿ ಕ್ಲಿಕ್ ಮಾಡಿದಾಗಲೆಲ್ಲ ಹೊಸ ಚಾರ್ಟ್ ತರುವ ಚಾಣಾಕ್ಷರೂ ಇದ್ದಾರೆ. ಲೆಕ್ಕಕ್ಕೆ ಐದು, ನಿಜಕ್ಕೆ ಹನ್ನೆರಡು. ಪ್ಯಾನಲ್‌ಗೆ ಇದು ತಕ್ಷಣ ಗೊತ್ತಾಗುತ್ತದೆ. ಪಿಡಿಎಫ್ ಮಾಡಿದಾಗ ಎಲ್ಲ ಚಾರ್ಟ್ ಒಂದರ ಮೇಲೊಂದು ಬಿದ್ದು ಇನ್ನೂ ಹದಗೆಡುತ್ತದೆ.

ಇನ್ನೊಂದು ಸಣ್ಣ ವಿಷಯ. ಬೆಂಗಳೂರಿನ ಎಷ್ಟೋ ಕಂಪನಿಗಳ ಪ್ಯಾನಲ್‌ನಲ್ಲಿ ಒಬ್ಬರಾದರೂ ಲಂಡನ್ನಿನಿಂದಲೋ ಅಮೆರಿಕದಿಂದಲೋ ವಿಡಿಯೋ ಕಾಲ್‌ನಲ್ಲಿ ಇರುತ್ತಾರೆ. ಅವರಿಗೆ ಲಕ್ಷ ಕೋಟಿ ತಲೆಗೆ ಹೋಗುವುದಿಲ್ಲ. 18.2 ಲಕ್ಷವನ್ನು 1.82 ಮಿಲಿಯನ್ ಎಂದು ಬರೆಯಿರಿ. ಯಾವುದು ಬಳಸಿದರೂ ಐದೂ ಸ್ಲೈಡಿನಲ್ಲಿ ಒಂದೇ ಇರಲಿ.

ಹತ್ತು ನಿಮಿಷ ಹಂಚುವುದು

ಸ್ಲೈಡಿಗೆ ಎರಡು ನಿಮಿಷ ಎಂದು ಸಮನಾಗಿ ಹಂಚಬೇಡಿ. ಮೊದಲನೆಯದಕ್ಕೆ ಒಂದು ನಿಮಿಷ, ಎರಡನೆಯದಕ್ಕೆ ಒಂದೂವರೆ ಸಾಕು. ಮೂರು ಮತ್ತು ನಾಲ್ಕಕ್ಕೆ ಎರಡೂವರೆ, ಎರಡೂವರೆ. ಐದನೆಯದಕ್ಕೆ ಒಂದೂವರೆ. ಒಟ್ಟು ಒಂಬತ್ತು. ಉಳಿದ ಒಂದು ನಿಮಿಷ ಸ್ಕ್ರೀನ್ ಶೇರ್ ಆಗದೆ ಒದ್ದಾಡುವುದಕ್ಕೆ ಬೇಕಾಗುತ್ತದೆ. "ಐದು ನಿಮಿಷದಲ್ಲಿ ಮುಗಿಸಿ" ಎಂದರೆ ಒಂದು ಮತ್ತು ನಾಲ್ಕನ್ನು ಮಾತ್ರ ತೋರಿಸಿ.

ಸ್ಲೈಡಿಗೆ ಬಾರದ್ದು ಪ್ರಶ್ನೆಯಲ್ಲಿ ಬರುತ್ತದೆ

ಬಿಟ್ಟ ವಿಷಯಗಳು ವ್ಯರ್ಥ ಅಲ್ಲ. ಅವನ್ನು ಒಂದು ಹಾಳೆಯಲ್ಲಿ ಬರೆದು ಕೈಯಲ್ಲಿ ಇಟ್ಟುಕೊಳ್ಳಿ. ನಮ್ಮ ಕೇಸಿನಲ್ಲಿ ಬರಬಹುದಾದ ಕಠಿಣ ಪ್ರಶ್ನೆ ಇದು: "ಆರ್ಡರ್ ಕಡಿಮೆಯಾದರೆ ರೈಡರ್‌ಗಳು ಖಾಲಿ ಓಡಾಡುತ್ತಾರೆ. ಆಗಲೂ ಡೆಲಿವರಿ ಖರ್ಚು 60ರಲ್ಲೇ ಇರುತ್ತದಾ?" ಇರುವುದಿಲ್ಲ. ಒಂದು ಓಟದಲ್ಲಿ ಮೂರು ಮನೆ ಮುಟ್ಟುತ್ತಿದ್ದವನು ಎರಡೇ ಮುಟ್ಟುತ್ತಾನೆ. ಹಾಗಾಗಿ ಮಿತಿ ಲೆಕ್ಕ ಹಾಕಿಟ್ಟುಕೊಳ್ಳಿ: ಸಣ್ಣ ಆರ್ಡರ್ ಪೂರ್ತಿ ನಿಂತರೂ, ಡೆಲಿವರಿ ಖರ್ಚು 60ರಿಂದ ಸುಮಾರು 81ಕ್ಕೆ ಏರುವವರೆಗೆ ಇವತ್ತಿಗಿಂತ ಕೆಟ್ಟದಾಗುವುದಿಲ್ಲ. ಮೊದಲ ಒಂದೆರಡು ತಿಂಗಳು ಈ ಅಂಕಿಯ ಮೇಲೂ ಕಣ್ಣಿಡಬೇಕು ಎಂದು ನೀವೇ ಹೇಳಿ.

ಇನ್ನೊಂದು: "ಆರ್ಡರ್ ಸಂಖ್ಯೆ ಬಿದ್ದರೆ ಹೂಡಿಕೆದಾರರಿಗೆ ಏನು ಹೇಳುವುದು?" ಇದಕ್ಕೆ ನುಣುಚಿಕೊಳ್ಳಬೇಡಿ. ಸಣ್ಣದು ಪೂರ್ತಿ ಹೋದರೆ 5.04 ಕೋಟಿ ವ್ಯಾಪಾರದಲ್ಲಿ 1.12 ಕೋಟಿ ಹೋಗುತ್ತದೆ ಎಂದು ಒಪ್ಪಿಕೊಳ್ಳಿ. ಕಂಪನಿಗೆ ಈಗ ಬೇಕಾಗಿರುವುದು ವ್ಯಾಪಾರದ ಗಾತ್ರವೋ ಉಳಿಕೆಯೋ ಎಂದು ವಾಪಸ್ ಕೇಳಿ. ಗಾತ್ರವೇ ಬೇಕು ಎಂದರೆ ನಿಮ್ಮ ಶಿಫಾರಸು ಬದಲಾಗುತ್ತದೆ, ಅದನ್ನೂ ಹೇಳಿ.

ಕೆಲವರು ಅಂಕಿಯನ್ನೇ ಬದಲಿಸಿ ನೋಡುತ್ತಾರೆ. "ಮಾರ್ಜಿನ್ 20 ಅಲ್ಲ, 17 ಅಂತ ಇಟ್ಟುಕೊಳ್ಳಿ. ಈಗ?" ಗಾಬರಿ ಬೇಡ, ಪೆನ್ನು ತೆಗೆದುಕೊಂಡು ಅವರ ಎದುರೇ ಮಾಡಿ. 75ನ್ನು 17%ರಿಂದ ಭಾಗಿಸಿದರೆ ಸುಮಾರು 441. ಅಂದರೆ 399ರ ಗಡಿ ಸಾಲದು, 449 ಮಾಡಬೇಕು. 224ರ 17% ಅಂದರೆ 38, ನಷ್ಟ 37, ಶುಲ್ಕವೂ 37ರ ಹತ್ತಿರ. ಗಡಿ ಮತ್ತು ಶುಲ್ಕ ಬದಲಾದವು, ಮೂರನೇ ಸ್ಲೈಡಿನ ಕಾರಣ ಹಾಗೇ ಇದೆ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗಿ.